30 ದಿನದ ಉದ್ರಿಯನ್ನು 45ಕ್ಕೆ ಏರಿಸಿಕೊಳ್ಳಲು ಸಪ್ಲೈಯರ್‌ಗೆ ಪತ್ರ ಬರೆಯುವ ಬಗೆ

ತಿಪಟೂರು ಸುತ್ತಮುತ್ತಲಿನ ಕೆಲವು ಅಂಗಡಿಗಳ ಲೆಕ್ಕ ಬರೆಯುವುದು ನನ್ನ ಕೆಲಸ. ಪೈಪು, ಫಿಟ್ಟಿಂಗ್, ನಲ್ಲಿ ಮಾರುವ ಅಂಗಡಿಯ ಯಜಮಾನರೊಬ್ಬರು ಒಂದು ದಿನ ಮೊಬೈಲ್ ತೋರಿಸಿದರು. ಬೆಂಗಳೂರಿನ ಪೀಣ್ಯದಲ್ಲಿರುವ ತಮ್ಮ ಪಿವಿಸಿ ಫಿಟ್ಟಿಂಗ್ ತಯಾರಕರಿಗೆ ಅವರು ಕಳಿಸಿದ್ದ ಮೆಸೇಜು ಅದು: "ಸಾರ್, ವ್ಯಾಪಾರ ತುಂಬಾ ಡಲ್ಲು, ಪಾರ್ಟಿಗಳಿಂದ ದುಡ್ಡು ಬರ್ತಿಲ್ಲ, ದಯವಿಟ್ಟು ಸ್ವಲ್ಪ ಜಾಸ್ತಿ ಟೈಮ್ ಕೊಡಿ." ಬಂದ ಉತ್ತರ ಒಂದೇ ಸಾಲು: "ಮೊದಲು ಹಳೇ ಬಾಕಿ ಕ್ಲಿಯರ್ ಮಾಡಿ." ಹಳೇ ಬಾಕಿ ಏನೂ ಇರಲಿಲ್ಲ. ಆದರೆ ಆ ಮೆಸೇಜು ಓದಿದ ಯಾರಿಗಾದರೂ ಈ ಪಾರ್ಟಿ ಮುಳುಗುತ್ತಿದೆ, ಕೈಯಲ್ಲಿದ್ದದ್ದನ್ನು ಮೊದಲು ವಸೂಲಿ ಮಾಡಿಕೊಳ್ಳೋಣ ಅಂತಲೇ ಅನಿಸುತ್ತದೆ.

ಆಮೇಲೆ ನಾವಿಬ್ಬರೂ ಕೂತು ಬರೆದ ಪತ್ರಕ್ಕೆ ಒಪ್ಪಿಗೆ ಸಿಕ್ಕಿತು. ಅದನ್ನು ಹೇಗೆ ತಯಾರಿಸಿದೆವು ಎಂಬುದನ್ನು ಇಲ್ಲಿ ಹೇಳುತ್ತೇನೆ. ಲೆಕ್ಕ ಸುಲಭವಾಗಲಿ ಎಂದು ಅಂಕಿಗಳನ್ನು ಸ್ವಲ್ಪ ದುಂಡಗೆ ಮಾಡಿದ್ದೇನೆ.

ಮೊದಲು ಲೆಡ್ಜರ್, ಆಮೇಲೆ ಪೆನ್ನು

ನೀವು ಪತ್ರ ಕಳಿಸಿದ ತಕ್ಷಣ ಅವರ ಅಕೌಂಟ್ಸ್‌ನವರು ಮಾಡುವ ಮೊದಲ ಕೆಲಸ ನಿಮ್ಮ ಲೆಡ್ಜರ್ ತೆಗೆದು ನೋಡುವುದು. ಆದ್ದರಿಂದ ಅದನ್ನು ಅವರಿಗಿಂತ ಮೊದಲು ನೀವು ನೋಡಿರಬೇಕು. ಹನ್ನೆರಡು ತಿಂಗಳ ಪ್ರತಿ ಬಿಲ್ಲಿಗೂ ನಾಲ್ಕು ಕಾಲಂ ಸಾಕು: ಬಿಲ್ ತಾರೀಖು, ಕಟ್ಟಬೇಕಿದ್ದ ತಾರೀಖು, ದುಡ್ಡು ಅವರ ಖಾತೆಗೆ ಬಿದ್ದ ತಾರೀಖು, ಎಷ್ಟು ದಿನ ತಡ. ಮೂರನೇ ಕಾಲಂನಲ್ಲಿ ಎಲ್ಲರೂ ತಮಗೆ ತಾವೇ ರಿಯಾಯಿತಿ ಕೊಟ್ಟುಕೊಳ್ಳುತ್ತಾರೆ. ಸೇಲ್ಸ್ ಹುಡುಗನ ಕೈಗೆ ಚೆಕ್ ಕೊಟ್ಟ ದಿನವೇ ಕಟ್ಟಿದ ದಿನ ಅಂದುಕೊಳ್ಳುತ್ತಾರೆ. ಅವರ ಲೆಕ್ಕದಲ್ಲಿ ಮಾತ್ರ ಅದು ಚೆಕ್ ಪಾಸಾದ ದಿನ.

ನಮ್ಮ ಲೆಕ್ಕದಲ್ಲಿ ಸಿಕ್ಕಿದ್ದು ಇಷ್ಟು. ಜುಲೈ 2024ರಿಂದ ಜೂನ್ 2025ರವರೆಗೆ 26 ಬಿಲ್ಲು, ತೆರಿಗೆ ಸೇರಿ ಒಟ್ಟು 21,63,000 ರೂಪಾಯಿ, ಅಂದರೆ ತಿಂಗಳಿಗೆ ಸುಮಾರು 1,80,000. ಅದರಲ್ಲಿ 22 ಬಿಲ್ಲು 30 ದಿನದೊಳಗೆ ಕಟ್ಟಿದ್ದು. ಮೂರು ಬಿಲ್ಲು ಎರಡು ಮೂರು ದಿನ ತಡ. ನವೆಂಬರಿನ ಒಂದು ಬಿಲ್ಲು ಮಾತ್ರ 11 ದಿನ ತಡವಾಗಿತ್ತು. ಒಬ್ಬ ಕಾಂಟ್ರಾಕ್ಟರ್ ಕೊಟ್ಟ ಚೆಕ್ ವಾಪಸು ಬಂದದ್ದೇ ಅದಕ್ಕೆ ಕಾರಣ. ಯಜಮಾನರಿಗೆ ಈ ನಾಲ್ಕನ್ನು ಪತ್ರದಲ್ಲಿ ಬರೆಯಲು ಇಷ್ಟವಿರಲಿಲ್ಲ. ನಾನು ಹಟ ಮಾಡಿ ಬರೆಸಿದೆ. "ಒಂದು ವರ್ಷದಿಂದ ತಪ್ಪದೆ ಕಟ್ಟಿದ್ದೇವೆ" ಎಂದು ಬರೆದರೆ, ಅವರು ಹುಡುಕುವುದು ಆ ತಪ್ಪಿದ ಬಿಲ್ಲನ್ನೇ. ನೀವೇ ಹೇಳಿಬಿಟ್ಟರೆ ಹುಡುಕಲು ಏನೂ ಉಳಿಯುವುದಿಲ್ಲ.

ಇದೇ ಹೊತ್ತಿನಲ್ಲಿ ಎರಡೂ ಕಡೆಯ ಬಾಕಿ ತಾಳೆ ನೋಡಿ. ಒಡೆದು ಬಂದ ಮಾಲಿನ ಡೆಬಿಟ್ ನೋಟು, ಬರಬೇಕಿದ್ದ ಸ್ಕೀಮ್ ರಿಯಾಯಿತಿ ಯಾವುದಾದರೂ ತೂಗಾಡುತ್ತಿದ್ದರೆ ಮೊದಲು ಅದನ್ನು ಮುಗಿಸಿ. 3,400 ರೂಪಾಯಿಯ ಡೆಬಿಟ್ ನೋಟಿನ ತಕರಾರು ಪತ್ರದೊಳಗೆ ನುಗ್ಗಿದರೆ ಮಾತೆಲ್ಲ ಅದರ ಸುತ್ತಲೇ ತಿರುಗುತ್ತದೆ.

ಎಷ್ಟು ದಿನ ಕೇಳಬೇಕು

"ಸ್ವಲ್ಪ ಜಾಸ್ತಿ" ಎಂಬುದು ಕೇಳಿಕೆಯೇ ಅಲ್ಲ. ನಿಮ್ಮ ದುಡ್ಡು ಎಷ್ಟು ದಿನಕ್ಕೆ ತಿರುಗಿ ಬರುತ್ತದೆ ಎಂದು ಎಣಿಸಿ, ಆ ಎಣಿಕೆಯಿಂದ ದಿನ ಹೇಳಬೇಕು. ಈ ಅಂಗಡಿಯಲ್ಲಿ ಮಾಲು ಗೋಡೌನಿನಲ್ಲಿ ಸರಾಸರಿ 27 ದಿನ ಕೂರುತ್ತದೆ. ಮಾರಾಟದಲ್ಲಿ 40 ಪಾಲು ಕೌಂಟರ್ ನಗದು. ಉಳಿದ 60 ಪಾಲು ಪ್ಲಂಬರ್, ಕಾಂಟ್ರಾಕ್ಟರುಗಳ ಉದ್ರಿ, ಅದು ಬರಲು ಸುಮಾರು 35 ದಿನ. ಎರಡನ್ನೂ ಸೇರಿಸಿ ಸರಾಸರಿ ತೆಗೆದರೆ ವಸೂಲಿಗೆ 21 ದಿನ. ಮಾಲು ಬಂದ 48ನೇ ದಿನ ದುಡ್ಡು ಕೈಗೆ, ಆದರೆ ಕಟ್ಟಬೇಕಿರುವುದು 30ನೇ ದಿನ. ನಡುವಿನ 18 ದಿನ ಬ್ಯಾಂಕಿನ ಓಡಿಯಲ್ಲಿ, ಅಂದರೆ ಓವರ್‌ಡ್ರಾಫ್ಟ್ ಸಾಲದಲ್ಲಿ, ನಡೆಯುತ್ತಿತ್ತು.

ಹಾಗಾದರೆ 48 ದಿನವನ್ನೇ ಕೇಳಬಹುದಲ್ಲ? ಇಲ್ಲಿ ಕಾನೂನು ಅಡ್ಡ ಬರುತ್ತದೆ. ನಿಮ್ಮ ಸಪ್ಲೈಯರ್ ಉದ್ಯಮ್ ನೋಂದಣಿ ಇರುವ ಸೂಕ್ಷ್ಮ ಅಥವಾ ಸಣ್ಣ ತಯಾರಕರಾಗಿದ್ದರೆ, 2006ರ ಎಂಎಸ್‌ಎಂಇಡಿ ಕಾಯ್ದೆಯ 15ನೇ ಕಲಮಿನ ಪ್ರಕಾರ ಬರಹದ ಒಪ್ಪಂದ ಇದ್ದರೂ 45 ದಿನ ದಾಟುವಂತಿಲ್ಲ. ಎಣಿಕೆ ನಡೆಯುವುದು ಮಾಲು ನೀವು ಒಪ್ಪಿಕೊಂಡ ದಿನದಿಂದ. ಬಿಲ್ ತಾರೀಖಿನಿಂದಲೇ ಎಣಿಸಿಕೊಂಡರೆ ಒಂದೆರಡು ದಿನ ಒಳಗೇ ಇರುತ್ತೀರಿ. ಬರಹದ ಒಪ್ಪಂದ ಇಲ್ಲದಿದ್ದರೆ ಗಡುವು 15 ದಿನ ಮಾತ್ರ.

ಈ ಕೊನೆಯ ವಾಕ್ಯ ಕೇಳಿ ನಮ್ಮ ಯಜಮಾನರು ಕುರ್ಚಿಯಲ್ಲಿ ನೆಟ್ಟಗೆ ಕೂತರು. ಒಂದು ವರ್ಷದಿಂದ ನಡೆಯುತ್ತಿದ್ದ 30 ದಿನ ಬರೀ ಬಾಯಿ ಮಾತು. ಬಿಲ್ಲಿನ ಮೇಲೂ ದಿನ ಮುದ್ರಿಸಿರಲಿಲ್ಲ. ಅಂದರೆ ಸೇಲ್ಸ್ ಹುಡುಗನ ಪ್ರಕಾರ ಹೊತ್ತಿಗೆ ಸರಿಯಾಗಿ ಕಟ್ಟಿದ ಬಿಲ್ಲುಗಳು ಕಾನೂನಿನ ಕಣ್ಣಲ್ಲಿ ತಡವಾದವು. ತಡವಾದರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ, ಕೇಳುವ ಹಕ್ಕು ಸಪ್ಲೈಯರ್‌ಗೆ ಇದೆ. ವ್ಯಾಪಾರ ನಡೆಯುವಾಗ ಯಾರೂ ಕೇಳುವುದಿಲ್ಲ, ಜಗಳವಾದಾಗ ಕೇಳುತ್ತಾರೆ. ಇದಲ್ಲದೆ 2023ರ ಹಣಕಾಸು ಕಾಯ್ದೆಯಿಂದ ಬಂದ ಆದಾಯ ತೆರಿಗೆಯ ನಿಯಮವಿದೆ, 1961ರ ಕಾಯ್ದೆಯಲ್ಲಿ ಅದು 43ಬಿ(ಎಚ್). ಗಡುವು ಮೀರಿದ ಬಿಲ್ಲು ಮಾರ್ಚ್ 31ಕ್ಕೂ ಬಾಕಿ ಇದ್ದರೆ ಆ ವರ್ಷ ಅದನ್ನು ಖರ್ಚಿನಲ್ಲಿ ತೋರಿಸಲು ಬರುವುದಿಲ್ಲ, ದುಡ್ಡು ಕಟ್ಟಿದ ವರ್ಷಕ್ಕೆ ಅದು ಹೋಗುತ್ತದೆ. ಹಾಗಾಗಿ ನೀವು ಬರೆಯುವ ಪತ್ರಕ್ಕೆ ಅವರ ಸಹಿ ಬೀಳುವುದು ಮರ್ಯಾದೆಗಾಗಿ ಅಲ್ಲ. ಆ ಸಹಿಯೇ ನಿಮ್ಮ ಒಪ್ಪಂದ.

ಸಪ್ಲೈಯರ್ ತಯಾರಕರೋ, ಬರೀ ಸಗಟು ವ್ಯಾಪಾರಿಯೋ ಎಂಬುದನ್ನೂ ನೋಡಿ. ಸಗಟು ವ್ಯಾಪಾರಿಗೆ ಉದ್ಯಮ್ ನೋಂದಣಿ ಇದ್ದರೂ ಅದು ಆದ್ಯತಾ ವಲಯದ ಸಾಲಕ್ಕಷ್ಟೇ. ಈ 45 ದಿನದ ಕಟ್ಟು ಅವರಿಗೆ ಅನ್ವಯಿಸುವುದಿಲ್ಲ, ಅವರ ಹತ್ತಿರ 60 ಕೇಳಿದರೂ ತಪ್ಪಿಲ್ಲ. ತಯಾರಕರ ವಿಷಯದಲ್ಲಿ "ಅವರು ದೊಡ್ಡ ಪಾರ್ಟಿ" ಅಂತ ಅಂದಾಜು ಮಾಡಬೇಡಿ. ಏಪ್ರಿಲ್ 2025ರಿಂದ 100 ಕೋಟಿ ವಹಿವಾಟಿನವರೆಗೂ, ಹೂಡಿಕೆಯ ಮಿತಿಯೊಳಗಿದ್ದರೆ, 'ಸಣ್ಣ' ಉದ್ದಿಮೆಯೇ. ಉದ್ಯಮ್ ನಂಬರ್ ಸಾಮಾನ್ಯವಾಗಿ ಬಿಲ್ಲಿನ ಮೇಲೇ ಇರುತ್ತದೆ, ಇಲ್ಲದಿದ್ದರೆ ಪ್ರಮಾಣಪತ್ರದ ಪ್ರತಿ ಕೇಳಿ ತರಿಸಿಕೊಳ್ಳಿ. ನಮ್ಮ ಪೀಣ್ಯದವರು ಸಣ್ಣ ತಯಾರಕರು. ಆದ್ದರಿಂದ ಕೇಳಿದ್ದು 45, ಉಳಿದ ಮೂರು ದಿನವನ್ನು ಕಾಂಟ್ರಾಕ್ಟರುಗಳ ವಸೂಲಿಯಲ್ಲಿ ಬಿಗಿ ಮಾಡಿ ತುಂಬಿಕೊಳ್ಳುವುದು ಎಂದು ನಿಶ್ಚಯವಾಯಿತು.

ಅವರ ಕುರ್ಚಿಯಲ್ಲಿ ಕೂತು ಎಣಿಸಿ

ತಿಂಗಳಿಗೆ 1,80,000ದ ಮಾಲಿಗೆ ಹದಿನೈದು ದಿನ ಹೆಚ್ಚು ಕೊಟ್ಟರೆ ಅವರ 90,000 ರೂಪಾಯಿ ಹೆಚ್ಚಾಗಿ ನಿಮ್ಮಲ್ಲಿ ನಿಲ್ಲುತ್ತದೆ. ಅವರ ಓಡಿ ಬಡ್ಡಿ ವರ್ಷಕ್ಕೆ 12 ಪರ್ಸೆಂಟ್ ಎಂದುಕೊಂಡರೆ ವರ್ಷಕ್ಕೆ 10,800, ತಿಂಗಳಿಗೆ 900. ನಿಮ್ಮ ಖರೀದಿಯ ನೂರಕ್ಕೆ ಎಂಟಾಣೆ. ಈ ಎಂಟಾಣೆಯನ್ನು ನೆನಪಿಟ್ಟುಕೊಳ್ಳಿ, ಚೌಕಾಸಿಯ ಹೊತ್ತಿಗೆ ಬೇಕಾಗುತ್ತದೆ.

ಬಡ್ಡಿಗಿಂತ ಹೆಚ್ಚು ಅವರನ್ನು ಕಾಡುವುದು ಜಿಎಸ್‌ಟಿ. ಮಾಲು ಕಳಿಸಿದ ತಿಂಗಳ ತೆರಿಗೆಯನ್ನು ಮುಂದಿನ ತಿಂಗಳ 20ಕ್ಕೆ ಅವರು ಕಟ್ಟಲೇಬೇಕು, ನೀವು ದುಡ್ಡು ಕೊಟ್ಟಿದ್ದರೂ ಅಷ್ಟೆ, ಕೊಡದಿದ್ದರೂ ಅಷ್ಟೆ. ಜುಲೈ 25ರ ಬಿಲ್ಲು ತೆಗೆದುಕೊಳ್ಳಿ. ಅದರ ತೆರಿಗೆ ಆಗಸ್ಟ್ 20ಕ್ಕೆ ಹೋಗುತ್ತದೆ. 30 ದಿನದ ಉದ್ರಿಯಲ್ಲಿ ನಿಮ್ಮ ದುಡ್ಡು ಆಗಸ್ಟ್ 24ಕ್ಕೆ ಬರುತ್ತಿತ್ತು, ನಾಲ್ಕು ದಿನದ ಅಂತರ. 45 ಆದರೆ ಸೆಪ್ಟೆಂಬರ್ 8, ಹತ್ತೊಂಬತ್ತು ದಿನ ಅವರು ತಮ್ಮ ಕೈಯಿಂದ ತುಂಬಿರಬೇಕು. ತಿಂಗಳ 1,80,000ದಲ್ಲಿ 18 ಪರ್ಸೆಂಟ್ ತೆರಿಗೆಯ ಪಾಲು ಸುಮಾರು 27,500.

ಈ ಅಂಶದಿಂದಲೇ ನಮ್ಮ ಪತ್ರದ ಮುಖ್ಯ ಮಾತು ಹುಟ್ಟಿತು: ಆಯಾ ತಿಂಗಳ ಎಲ್ಲ ಬಿಲ್ಲುಗಳ ತೆರಿಗೆ ಮೊತ್ತವನ್ನು ಮುಂದಿನ ತಿಂಗಳ 18ರೊಳಗೆ ಕಟ್ಟಿಬಿಡುತ್ತೇವೆ, ಮಾಲಿನ ಮೊತ್ತಕ್ಕೆ ಮಾತ್ರ 45 ದಿನ ಕೊಡಿ. ನಮಗೆ ಇದರಿಂದ ಆಗುವ ಹೊರೆ ಸಣ್ಣದು, ಅವರಿಗೆ ಸಿಗುವ ನೆಮ್ಮದಿ ದೊಡ್ಡದು. ಒಂದು ತೊಡಕಿದೆ. ಒಂದೇ ಬಿಲ್ಲನ್ನು ಎರಡು ಕಂತಿನಲ್ಲಿ ಕಟ್ಟುವುದರಿಂದ ಲೆಡ್ಜರ್ ಗೋಜಲಾಗುತ್ತದೆ. ದುಡ್ಡು ಹಾಕಿದ ದಿನವೇ ಯಾವ ಬಿಲ್ಲಿಗೆ ಎಷ್ಟು ಎಂದು ಬ್ಯಾಂಕ್ ವರ್ಗಾವಣೆಯ ಯುಟಿಆರ್ ನಂಬರಿನ ಜೊತೆ ಬರೆದು ಕಳಿಸದಿದ್ದರೆ ಮೂರೇ ತಿಂಗಳಲ್ಲಿ ಎರಡೂ ಕಡೆಯ ಬಾಕಿ ಬೇರೆ ಬೇರೆ ತೋರಿಸುತ್ತದೆ.

ಎಲ್ಲರೂ ಮರೆಯುವ ಲಿಮಿಟ್

ಉದ್ರಿಗೆ ಎರಡು ಬೇಲಿ. ಒಂದು ದಿನ, ಇನ್ನೊಂದು ಮೊತ್ತ. ದಿನ ಮಾತ್ರ ಹೆಚ್ಚಿಸಿಕೊಂಡು ಮೊತ್ತದ ಲಿಮಿಟ್ ಕೇಳದೆ ಬಿಟ್ಟರೆ ಎರಡನೇ ತಿಂಗಳಿಗೇ ಗಾಡಿ ನಿಲ್ಲುತ್ತದೆ. ನಮ್ಮಲ್ಲಿ 5ಕ್ಕೊಂದು, 20ಕ್ಕೊಂದು ಆರ್ಡರ್, ತಲಾ ಸುಮಾರು 90,000. 30 ದಿನದಲ್ಲಿ ಒಟ್ಟಿಗೆ ಎರಡು ಬಿಲ್ಲು ಬಾಕಿ, ಅಂದರೆ 1,80,000. ಅವರು ಹಾಕಿದ್ದ 2 ಲಕ್ಷದ ಲಿಮಿಟ್ಟಿಗೆ ಸರಿಹೋಗುತ್ತಿತ್ತು. 45 ದಿನದಲ್ಲಿ ಮೂರು ಬಿಲ್ಲು ನಿಲ್ಲುತ್ತವೆ, 2,70,000. ಕಾರ್ಖಾನೆಯ ಮಾಲಕರು 45 ಒಪ್ಪಿದ್ದರೂ ಅವರ ಕಂಪ್ಯೂಟರು 2 ಲಕ್ಷ ದಾಟಿತೆಂದು ಬಿಲ್ ಹಾಕಲು ಬಿಡುವುದಿಲ್ಲ. ಡಿಸ್ಪ್ಯಾಚ್‌ನವನು "ನಿಮ್ಮ ಅಕೌಂಟ್ ಬ್ಲಾಕ್ ಆಗಿದೆ" ಅಂತಾನೆ, ಈ ಕಡೆ ಕಾಂಟ್ರಾಕ್ಟರ್ ಬೇರೆ ಅಂಗಡಿಗೆ ಹೋಗುತ್ತಾನೆ. ಹಾಗಾಗಿ ಪತ್ರದಲ್ಲಿ 3 ಲಕ್ಷದ ಲಿಮಿಟ್ ಅನ್ನೂ ಸೇರಿಸಿ ಕೇಳಿದೆವು.

ಯಾರಿಗೆ, ಯಾವಾಗ

ಸೇಲ್ಸ್ ಹುಡುಗನಿಗೆ ಮೊದಲು ಬಾಯಲ್ಲಿ ಹೇಳಿ. ಉದ್ರಿ ಕೊಡುವ ಅಧಿಕಾರ ಅವನಿಗಿಲ್ಲ, ಆದರೆ ಮಾಲಕರು ಮೊದಲು ಕೇಳುವುದು ಅವನನ್ನೇ. ತನಗೆ ಗೊತ್ತಿಲ್ಲದೆ ಪತ್ರ ಹೋಗಿದೆ ಎಂದರೆ ಅವನ ಮುಖ ಸಪ್ಪಗಾಗುತ್ತದೆ. ಪತ್ರ ಮಾತ್ರ ಮಾಲಕರ ಹೆಸರಿಗೇ ಇರಲಿ, ಪ್ರತಿ ಅಕೌಂಟ್ಸ್ ವಿಭಾಗಕ್ಕೆ. ತಿಂಗಳ ಕೊನೆಯ ವಾರ ವಸೂಲಿಯ ಒತ್ತಡ, ಮಾರ್ಚ್ ತಿಂಗಳಂತೂ ಬೇಡವೇ ಬೇಡ. ನಾವು ಕಳಿಸಿದ್ದು ಜುಲೈ 8ಕ್ಕೆ, ಬಾಕಿಯಿದ್ದ ಒಂದು ಬಿಲ್ಲಿನ ದುಡ್ಡು ಅವರ ಖಾತೆಗೆ ಬಿದ್ದ ಮಾರನೇ ದಿನ.

ಪತ್ರ

> (ಅಂಗಡಿಯ ಲೆಟರ್‌ಹೆಡ್, ಜಿಎಸ್‌ಟಿ ನಂಬರ್)
> ತಿಪಟೂರು, 8 ಜುಲೈ 2025
>
> ಮಾಲೀಕರು
> (ಕಾರ್ಖಾನೆಯ ಹೆಸರು), ಪೀಣ್ಯ, ಬೆಂಗಳೂರು
>
> ವಿಷಯ: ನಮ್ಮ ಖಾತೆಯ ಉದ್ರಿ ಅವಧಿಯನ್ನು 30ರಿಂದ 45 ದಿನಕ್ಕೂ, ಮಿತಿಯನ್ನು 2 ಲಕ್ಷದಿಂದ 3 ಲಕ್ಷ ರೂಪಾಯಿಗೂ ಹೆಚ್ಚಿಸುವ ಕುರಿತು
>
> ಮಾನ್ಯರೇ,
>
> ಜುಲೈ 2024ರಿಂದ ಜೂನ್ 2025ರವರೆಗೆ ನಿಮ್ಮಿಂದ 26 ಬಿಲ್ಲುಗಳಲ್ಲಿ ಒಟ್ಟು 21,63,000 ರೂಪಾಯಿ ಮೌಲ್ಯದ ಮಾಲು ತರಿಸಿದ್ದೇವೆ. ಇವುಗಳಲ್ಲಿ 22 ಬಿಲ್ಲುಗಳ ಹಣ 30 ದಿನದೊಳಗೆ ನಿಮಗೆ ಸೇರಿದೆ. ಮೂರು ಬಿಲ್ಲುಗಳು ಎರಡು ಮೂರು ದಿನ ತಡವಾದವು. ನವೆಂಬರಿನ ಒಂದು ಬಿಲ್ಲು 11 ದಿನ ತಡವಾಯಿತು. ನಮಗೆ ಬಂದ ಚೆಕ್ಕೊಂದು ಪಾಸಾಗದ್ದು ಕಾರಣ, ಆ ಗಿರಾಕಿಗೆ ಈಗ ನಗದು ವ್ಯಾಪಾರ ಮಾತ್ರ. ಬಿಲ್‌ವಾರು ಪಟ್ಟಿ ಜೊತೆಗಿಟ್ಟಿದ್ದೇವೆ, ನಿಮ್ಮ ಲೆಡ್ಜರಿನೊಂದಿಗೆ ತಾಳೆ ನೋಡಬೇಕಾಗಿ ವಿನಂತಿ.
>
> ನಿಮ್ಮ ಮಾಲು ನಮ್ಮಲ್ಲಿ ಮಾರಾಟವಾಗಿ ಹಣ ಕೈಸೇರಲು ಸರಾಸರಿ 48 ದಿನ ಹಿಡಿಯುತ್ತಿದೆ. ಈ ಅಂತರದಿಂದಾಗಿ ದೊಡ್ಡ ಸೈಜಿನ ಫಿಟ್ಟಿಂಗುಗಳನ್ನು ದಾಸ್ತಾನು ಮಾಡಲು ಆಗುತ್ತಿಲ್ಲ, ಬೇಡಿಕೆ ಬಂದಾಗ ಗಿರಾಕಿಯನ್ನು ಕಾಯಿಸಬೇಕಾಗಿದೆ. ಆದ್ದರಿಂದ 1 ಆಗಸ್ಟ್ 2025ರ ನಂತರದ ಬಿಲ್ಲುಗಳಿಗೆ, ಬಿಲ್ ತಾರೀಖಿನಿಂದ 45 ದಿನದ ಅವಧಿ ಮತ್ತು 3 ಲಕ್ಷ ರೂಪಾಯಿ ಮಿತಿ ಕೊಡಬೇಕೆಂದು ಕೇಳುತ್ತಿದ್ದೇವೆ. ಈಗಿರುವ ಬಿಲ್ಲುಗಳನ್ನು 30 ದಿನದಲ್ಲೇ ಕಟ್ಟುತ್ತೇವೆ.
>
> ನಮ್ಮ ಕಡೆಯಿಂದ: ಪ್ರತಿ ತಿಂಗಳ ಬಿಲ್ಲುಗಳ ಜಿಎಸ್‌ಟಿ ಮೊತ್ತವನ್ನು ಮುಂದಿನ ತಿಂಗಳ 18ರೊಳಗೆ ಪಾವತಿಸುತ್ತೇವೆ, ಉಳಿದ ಮೊತ್ತಕ್ಕೆ ಮಾತ್ರ 45 ದಿನ. ಪ್ರತಿ ತಿಂಗಳ 5 ಮತ್ತು 20ರಂದು ಆರ್ಡರ್ ಕೊಡುತ್ತೇವೆ, ತಿಂಗಳಿಗೆ 1,50,000 ರೂಪಾಯಿಗೆ ಕಡಿಮೆಯಾಗದಂತೆ ನೋಡಿಕೊಳ್ಳುತ್ತೇವೆ. ಈ ವ್ಯವಸ್ಥೆಯನ್ನು ಮೊದಲು ಮೂರು ತಿಂಗಳ ಮಟ್ಟಿಗೆ ನಡೆಸಿ ನೋಡಬಹುದು. ಈ ಅವಧಿಯಲ್ಲಿ ಯಾವುದೇ ಬಿಲ್ಲು 45 ದಿನ ಮೀರಿದರೆ ಹಳೆಯ 30 ದಿನಕ್ಕೆ ಮರಳಲು ನಮ್ಮ ಒಪ್ಪಿಗೆ ಇದೆ.
>
> ಒಪ್ಪಿಗೆಯಾದಲ್ಲಿ ಕೆಳಗೆ ಸಹಿ ಮತ್ತು ಮೊಹರು ಹಾಕಿ ಒಂದು ಪ್ರತಿಯನ್ನು ಹಿಂದಿರುಗಿಸಬೇಕಾಗಿ ಕೋರುತ್ತೇವೆ. ಈ ತಿಂಗಳ 16ರಂದು ಬೆಂಗಳೂರಿಗೆ ಬರುವವನಿದ್ದೇನೆ, ನಿಮಗೆ ಅನುಕೂಲವಿದ್ದರೆ ಬಂದು ಕಾಣುತ್ತೇನೆ.
>
> ಇಂತಿ ತಮ್ಮ ವಿಶ್ವಾಸಿ,
> (ಸಹಿ, ಮೊಹರು)
>
> ಮೇಲಿನ ಷರತ್ತುಗಳಿಗೆ ಒಪ್ಪಿಗೆ ಇದೆ: ______ ತಾರೀಖು: ______

ಈ ಪತ್ರದಲ್ಲಿ "ವ್ಯಾಪಾರ ಡಲ್ಲು" ಎಂಬ ಮಾತಿಲ್ಲ. ದಾಸ್ತಾನು ಹೆಚ್ಚಿಸಬೇಕು ಎಂಬ ಮಾತಿದೆ, ಅದು ನಿಜವೂ ಹೌದು. ನಿಜವಲ್ಲದಿದ್ದರೆ ಬರೆಯಬೇಡಿ, ಏಕೆಂದರೆ ಮುಂದಿನ ವಾರವೇ ಸೇಲ್ಸ್ ಹುಡುಗ ದೊಡ್ಡ ಸೈಜಿನ ಆರ್ಡರ್ ಪುಸ್ತಕ ಹಿಡಿದು ಬಂದು ನಿಲ್ಲುತ್ತಾನೆ. ತಿಂಗಳಿಗೆ 1,80,000 ಕೊಳ್ಳುವವರು 1,50,000ಕ್ಕೆ ಮಾತು ಕೊಟ್ಟದ್ದು ಮಳೆಗಾಲ ನೆನೆದು. ಆಗ ಕಟ್ಟಡದ ಕೆಲಸ ನಿಧಾನ. ಬೇರೆ ಕಂಪನಿಯವರು 60 ದಿನ ಕೊಡಲು ತಯಾರಿದ್ದಾರೆ ಎಂಬ ಸಾಲನ್ನು ಯಜಮಾನರು ಸೇರಿಸಿದ್ದರು, ಹೊಡೆದು ಹಾಕಿದೆ. ಅದು ಎದುರು ಕೂತಾಗ ಮೆಲ್ಲಗೆ ಆಡುವ ಮಾತು. ಕಾಗದದ ಮೇಲೆ ಬಂದರೆ "ಹಾಗಾದರೆ ಅಲ್ಲೇ ತಗೊಳ್ಳಿ" ಎನ್ನಲು ದಾರಿ ಮಾಡಿಕೊಟ್ಟ ಹಾಗೆ.

ಉತ್ತರ ಬಂದಾಗ

ನೇರ ಒಪ್ಪಿಗೆ ಅಪರೂಪ. ನಮಗೆ ಬಂದ ಉತ್ತರ ಫೋನಿನಲ್ಲಿ: "45 ಕೊಡ್ತೀವಿ, ಆದ್ರೆ ರೇಟು ಒಂದು ಪರ್ಸೆಂಟ್ ಜಾಸ್ತಿ ಆಗುತ್ತೆ." ಒಂದು ಪರ್ಸೆಂಟ್ ಕೇಳಲು ಚಿಕ್ಕದು. ಹದಿನೈದು ದಿನಕ್ಕೆ ಒಂದು ಎಂದರೆ ವರ್ಷಕ್ಕೆ 24ರ ಮೇಲಾಯಿತು. ಅದರ ಅರ್ಧ ಬಡ್ಡಿಗೆ ಓಡಿ ಸಿಗುವಾಗ ಈ ಉದ್ರಿ ಯಾರಿಗೆ ಬೇಕು? ಮೊದಲು ಎಣಿಸಿಟ್ಟ ಎಂಟಾಣೆ ಇಲ್ಲಿ ಕೆಲಸಕ್ಕೆ ಬಂತು. ಯಜಮಾನರು ಜಗಳವಾಡದೆ ಹೇಳಿದರು: "ಸಾರ್, ಹದಿನೈದು ದಿನಕ್ಕೆ ನಿಮಗೆ ಬೀಳೋದು ನೂರಕ್ಕೆ ಎಂಟಾಣೆ. ಅದರಲ್ಲೂ ಜಿಎಸ್‌ಟಿ ಪಾಲು ನಾವು ಮೊದಲೇ ಕಟ್ತೀವಿ. ರೇಟು ಮುಟ್ಟಬೇಡಿ, ಬೇಕಾದ್ರೆ ಮೂರು ತಿಂಗಳು ನೋಡಿ ಆಮೇಲೆ ಮಾತಾಡೋಣ." ರೇಟು ಹಾಗೇ ಉಳಿಯಿತು. ಲಿಮಿಟ್ ಮಾತ್ರ 3ರ ಬದಲು 2,75,000ಕ್ಕೆ ನಿಂತಿತು. 2,70,000ಕ್ಕಿಂತ ಮೇಲಿದ್ದುದರಿಂದ ಒಪ್ಪಿಕೊಂಡೆವು, ಆದರೆ ಒಂದು ದಿನ ತಡವಾದರೂ ಮುಂದಿನ ಆರ್ಡರ್ ಸಿಕ್ಕಿಬೀಳುವಷ್ಟು ಬಿಗಿ ಅದು.

ಕೆಲವರು ಭದ್ರತೆಗೆ ಮುಂದಿನ ತಾರೀಖಿನ ಚೆಕ್ ಕೇಳುತ್ತಾರೆ. ಬಿಲ್ಲಿನ ಮೊತ್ತ, ಬಿಲ್ಲಿನ ಗಡುವಿನ ತಾರೀಖು ಬರೆದು ಕೊಡಬಹುದು, ಆ ದಿನ ಖಾತೆಯಲ್ಲಿ ದುಡ್ಡು ಇರುವ ನಂಬಿಕೆ ಇದ್ದರೆ ಮಾತ್ರ. ಬೌನ್ಸ್ ಆದರೆ ವಿಷಯ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನ ಕ್ರಿಮಿನಲ್ ಕೇಸಿಗೆ ಹೋಗುತ್ತದೆ. ಮೊತ್ತ ಬರೆಯದ ಖಾಲಿ ಸಹಿ ಚೆಕ್ ಕೊಡುವುದಕ್ಕಿಂತ 30 ದಿನದಲ್ಲೇ ಇರುವುದು ವಾಸಿ.

"ನೋಡೋಣ" ಎಂದು ಸುಮ್ಮನಾದರೆ ಎರಡು ವಾರ ಬಿಟ್ಟು ಮುಂದಿನ ಬಿಲ್ಲು ಕಟ್ಟಿದ ದಿನವೇ ಫೋನ್ ಮಾಡಿ. ಒಪ್ಪಿಗೆ ಬರುವ ಮೊದಲೇ 45ನೇ ದಿನಕ್ಕೆ ಕಟ್ಟಲು ಶುರು ಮಾಡುವವರಿದ್ದಾರೆ. ಅಲ್ಲಿಗೆ ವರ್ಷದ ಪಟ್ಟಿ ಬರೆದ ಶ್ರಮವೆಲ್ಲ ನೀರುಪಾಲು.

ಸಹಿ ಬಂದ ಮೇಲೆ

ಮೊದಲ ಬಿಲ್ಲು ಬಂದಾಗ ಅದರ ಮೇಲೆ 45 ದಿನ ಎಂದು ಮುದ್ರಣವಾಗಿದೆಯೇ ನೋಡಿ. ನಮ್ಮ ಆಗಸ್ಟ್ 5ರ ಬಿಲ್ಲಿನಲ್ಲಿ 30 ಎಂದೇ ಬಂದಿತ್ತು. ಮಾಲಕರು ಒಪ್ಪಿದ್ದರು, ಕಂಪ್ಯೂಟರಿನಲ್ಲಿ ಯಾರೂ ಬದಲಿಸಿರಲಿಲ್ಲ. ಸಹಿ ಮಾಡಿದ ಪ್ರತಿಯ ಫೋಟೋ ಕಳಿಸಿ ಸರಿ ಮಾಡಿಸಿಕೊಂಡೆವು. ಮೂಲ ಪ್ರತಿ ಆಡಿಟರ್ ಫೈಲಿನಲ್ಲಿದೆ.

ಇನ್ನು ಆ 90,000. ಜಿಎಸ್‌ಟಿ ಪಾಲನ್ನು ಮೊದಲೇ ಕಟ್ಟುವುದರಿಂದ ನಿಲ್ಲುವುದು ಅದಕ್ಕಿಂತ ಸ್ವಲ್ಪ ಕಡಿಮೆಯೇ. ಅವಧಿ ಬದಲಾದಾಗ ಕೈಯಲ್ಲಿ ಹದಿನೈದು ದಿನದ ದುಡ್ಡು ಉಳಿದಂತೆ ಕಾಣುತ್ತದೆ, ಆದರೆ ಅದು ಉಳಿಯುವುದು ಒಂದೇ ಸಲ. ಪ್ರತಿ ತಿಂಗಳೂ ಬರುವ ಲಾಭವಲ್ಲ. ಅದನ್ನು ಗಾಡಿಗೋ ಮನೆಯ ಕಾರ್ಯಕ್ಕೋ ತೆಗೆದರೆ 45ನೇ ದಿನಕ್ಕೆ ಮತ್ತೆ ಓಡಿಯ ಬಾಗಿಲು. ನಮ್ಮ ಯಜಮಾನರು 60,000ವನ್ನು ಓಡಿಗೆ ಕಟ್ಟಿ, ಉಳಿದದ್ದಕ್ಕೆ ಪತ್ರದಲ್ಲಿ ಬರೆದ ಹಾಗೆ ನಾಲ್ಕಿಂಚು, ಆರಿಂಚಿನ ಫಿಟ್ಟಿಂಗ್ ತರಿಸಿದರು. ಸೇಲ್ಸ್ ಹುಡುಗ ಗೋಡೌನಿಗೆ ಬಂದು ಅವುಗಳ ಫೋಟೋ ತೆಗೆದುಕೊಂಡು ಹೋದ.